ಅಪ್ಪ ಇಲ್ಲದ ಮದುವೆಯಲ್ಲಿ ತಮ್ಮನ ಎರಡು ನಿಮಿಷ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೊದಲ್ಲಿ ಓಡಿಸಿ ಹೇಳಿದ ಒಂದೆರಡು ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಭಾಷಣ ಪೂರ್ತಿ ಕೊಟ್ಟಿದ್ದೀನಿ, ಬೇಕಾದವರು ನಿಮ್ಮ ಮನೆಗೆ ಹೊಂದೋ ಹಾಗೆ ಬದಲಾಯಿಸಿಕೊಳ್ಳಿ.

ವಿಷಯ ಇದು. ಪುಣೆಯಲ್ಲಿ ಈಗ ನಮ್ಮವರ ಮದುವೆ ಅಂದ್ರೆ ಅರ್ಧ ಮಂದಿ ಧಾರವಾಡ, ಬೆಳಗಾವಿ, ವಿಜಯಪುರ ಕಡೆಯಿಂದ ಬಂದಿರ್ತಾರೆ, ಇನ್ನರ್ಧ ಆಫೀಸಿನವರು. ಎಷ್ಟೋ ಸಲ ಗಂಡಿನ ಕಡೆಯವರು ಮರಾಠಿ. ಸಂಜೆ ರಿಸೆಪ್ಷನ್‌ನಲ್ಲಿ ನಿರೂಪಣೆ ಮಾಡೋವರು "ಈಗ ಹುಡುಗಿಯ ತಮ್ಮ ಎರಡು ಮಾತಾಡ್ತಾರೆ" ಅಂತ ಮೈಕ್ ಕೈಗೆ ಕೊಟ್ಟೇ ಬಿಡ್ತಾರೆ. ಮೊದಲೆಲ್ಲ ನಮ್ಮ ಮದುವೆಗಳಲ್ಲಿ ಈ ಪದ್ಧತಿ ಇರಲಿಲ್ಲ. ಹಾಡಿತ್ತು, ಒಡಪು ಇತ್ತು, ಬೀಗರ ಹಾಸ್ಯ ಇತ್ತು. ಮನೆಯವರೊಬ್ಬರು ಎದ್ದು ನಿಂತು ಭಾಷಣ ಮಾಡೋದು ಹೊಸದು. ಹಾಗಾಗಿ ಹೇಗೆ ಮಾಡಬೇಕು ಅಂತ ಕೇಳೋಕೆ ಮನೆಯಲ್ಲಿ ಹಿರಿಯರ ಮಾದರಿಯೂ ಇಲ್ಲ.

ಅದರಲ್ಲೂ ಅಪ್ಪ ತೀರಿಕೊಂಡಿದ್ದರೆ ಆ ತಮ್ಮನಿಗೆ ಎರಡು ಹೆದರಿಕೆ. ಅಪ್ಪನ ಹೆಸರು ಎತ್ತದಿದ್ದರೆ ತಪ್ಪು ಮಾಡಿದ ಹಾಗೆ, ಎತ್ತಿದರೆ ಅಕ್ಕ ಅಳ್ತಾಳೆ, ಅವ್ವ ಅಳ್ತಾಳೆ, ನಗ್ತಾ ಕೂತಿದ್ದ ಮನೆ ಸಾವಿನ ಮನೆ ಆಗಿಬಿಡುತ್ತೆ. ಹಿಂಜವಡಿಯಲ್ಲಿ ಕೆಲಸ ಮಾಡೋ ಧಾರವಾಡದ ಗೆಳೆಯನೊಬ್ಬ ಇದೇ ಇಕ್ಕಟ್ಟಿನಲ್ಲಿ ನನ್ನ ಹತ್ತಿರ ಬಂದಿದ್ದ. ಅವನ ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಅಕ್ಕನ ಮದುವೆ ಮರಾಠಿ ಹುಡುಗನ ಜೊತೆ, ಪುಣೆಯ ಒಂದು ಮಂಗಲ ಕಾರ್ಯಾಲಯದಲ್ಲಿ. ಅವನ ಭಾಷಣವನ್ನೇ ಇಟ್ಟುಕೊಂಡು ಮಾತಾಡ್ತೀನಿ. ಹೆಸರು ಹೇಳಲ್ಲ, ಅವನ ಒಪ್ಪಿಗೆ ಇದೆ.

ಮದುವೆಗೆ ಇದು ಹೊಸ ಸಮಸ್ಯೆ ಅಲ್ಲ

ತೀರಿಕೊಂಡವರನ್ನ ಸಂತೋಷದ ದಿನ ಹೇಗೆ ನೆನೆಯಬೇಕು ಅನ್ನೋ ಪ್ರಶ್ನೆಗೆ ಮದುವೆಯ ವಿಧಿಯಲ್ಲೇ ಒಂದು ಹಳೇ ಉತ್ತರ ಇದೆ. ಅದೇ ನಾಂದಿ.

ವೈದಿಕ ಕ್ರಮದಲ್ಲಿ ಮದುವೆ ಮಾಡೋ ಮನೆಗಳಲ್ಲಿ ಮುಹೂರ್ತಕ್ಕೆ ಮೊದಲು ನಾಂದಿ ಮಾಡ್ತಾರೆ. ಮರಾಠಿ ಮನೆಗಳಲ್ಲಿ ದೇವಕ ಕೂಡಿಸುವಾಗ ಇದೂ ಬರುತ್ತೆ. ನಿಜವಾಗಿ ನೋಡಿದ್ರೆ ಇದೊಂದು ಶ್ರಾದ್ಧ. ತೀರಿಹೋದ ಹಿರಿಯರನ್ನ ಹೆಸರು ಹೇಳಿ ಕರೆದು, ಮನೆಯಲ್ಲಿ ಶುಭಕಾರ್ಯ ಇದೆ, ಬಂದು ಹರಸಿ ಅಂತ ಕೇಳೋದು. ಆದರೆ ವರ್ಷಾಬ್ದಿಕದಲ್ಲಿ ಮಾಡೋ ಥರ ಇಲ್ಲಿ ಮಾಡಲ್ಲ. ಅಲ್ಲಿ ಎಳ್ಳು ಬಳಸಿದರೆ ಇಲ್ಲಿ ಅದರ ಬದಲು ಜವೆ. ಅಲ್ಲಿ ಜನಿವಾರ ತಿರುಗಿಸಿ ಹಾಕ್ತಾರೆ, ಇಲ್ಲಿ ಶುಭಕಾರ್ಯದಲ್ಲಿ ಇರೋ ಹಾಗೇ ಇರುತ್ತೆ. ಹಿರಿಯರಿಗೂ ಇಲ್ಲಿ ಬೇರೆ ಹೆಸರು, ನಾಂದೀಮುಖರು ಅಂತ. ಅಂದ್ರೆ ಸಂತೋಷದ ಮುಖ ಹೊತ್ತು ಬಂದವರು.

ಅದೇ ಹಿರಿಯರು, ಅದೇ ಹೆಸರುಗಳು. ಕರೆಯೋ ರೀತಿ ಮಾತ್ರ ಬೇರೆ. ದುಃಖದ ದಿನ ಅವರು ನಮ್ಮನ್ನ ಬಿಟ್ಟು ಹೋದವರು, ಮದುವೆಯ ದಿನ ಅವರು ಕೊಡೋದಕ್ಕೆ ಬಂದವರು.

ಎಲ್ಲ ಸಮುದಾಯಗಳಲ್ಲೂ ನಾಂದಿ ಇರಲ್ಲ, ಗೊತ್ತು. ನಿಮ್ಮಲ್ಲಿ ಬೇರೆ ಕ್ರಮ ಇರಬಹುದು. ನಾನು ಇದನ್ನ ಎತ್ತಿದ್ದು ಒಂದೇ ಕಾರಣಕ್ಕೆ. ಭಾಷಣದಲ್ಲಿ ನಾವು ಮಾಡಬೇಕಾದ್ದು ಇದೇ ಬದಲಾವಣೆ. ಅಪ್ಪನನ್ನ ಕಳೆದುಕೊಂಡದ್ದರ ಬಗ್ಗೆ ಮಾತಾಡಬಾರದು. ಅಪ್ಪ ಕೊಟ್ಟ ಯಾವುದೋ ಒಂದು, ಇವತ್ತು ಈ ಮದುವೆಮನೆಯಲ್ಲಿ ಕಣ್ಣಿಗೆ ಕಾಣೋ ಹಾಗೆ ಇರುತ್ತಲ್ಲ, ಅದರ ಬಗ್ಗೆ ಮಾತಾಡಬೇಕು.

ತಮ್ಮ ತಮ್ಮನಾಗಿಯೇ ಮಾತಾಡಲಿ

ಗೆಳೆಯ ಮೊದಲು ಹೇಳಿದ್ದು, "ಅಪ್ಪಾಜಿ ಜಾಗದಾಗ ನಿಂತು ನಾನ ಮಾತಾಡಬೇಕಲಾ" ಅಂತ. ಮೂವತ್ತು ದಾಟದ ಹುಡುಗ ಅಪ್ಪನ ಜಾಗದಲ್ಲಿ ನಿಂತು, ಅಪ್ಪನ ದನಿಯಲ್ಲಿ, ಹಿರಿಯರ ಥರ ಹರಸೋಕೆ ಹೋದರೆ ಕೇಳೋವರಿಗೆ ಮೊದಲು ಕಾಣೋದು ಆ ಖಾಲಿ ಜಾಗವೇ. ಅವನು ಎಷ್ಟು ಚೆನ್ನಾಗಿ ಮಾತಾಡಿದ್ರೂ "ಪಾಪ, ಅಪ್ಪ ಮಾತಾಡಬೇಕಿತ್ತು" ಅಂತಾನೇ ಮನಸ್ಸಿಗೆ ಬರುತ್ತೆ.

ಆ ಜಾಗ ತುಂಬೋ ವ್ಯವಸ್ಥೆ ಬೆಳಿಗ್ಗೆಯೇ ಆಗಿರುತ್ತೆ. ಅಪ್ಪ ಇಲ್ಲದಿದ್ದರೆ ಕನ್ಯಾದಾನ ಯಾರು ಮಾಡಬೇಕು ಅನ್ನೋದಕ್ಕೆ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಒಂದು ಸಾಲು ಇದೆ. ಅಪ್ಪ, ಆಮೇಲೆ ಅಜ್ಜ, ಆಮೇಲೆ ಅಣ್ಣತಮ್ಮಂದಿರು, ಆಮೇಲೆ ಕುಲದವರು, ಆಮೇಲೆ ತಾಯಿ. ರೂಢಿಯಲ್ಲಿ ದಂಪತಿಯೇ ಕೂರಬೇಕು ಅಂತ ಕಾಕಾ-ಕಾಕು, ಇಲ್ಲಾ ಸೋದರಮಾವ-ಅತ್ತೆ ಧಾರೆ ಎರೀತಾರೆ. ತಾಯಿಯನ್ನೇ ಕೂರಿಸಬೇಕು ಅನ್ನೋ ಮನಸ್ಸಿದ್ದರೆ ಪುರೋಹಿತರನ್ನ ಗೊತ್ತುಮಾಡುವಾಗಲೇ ಕೇಳಿ. ಪುಣೆಯಲ್ಲಿ ಜ್ಞಾನ ಪ್ರಬೋಧಿನಿಯಿಂದ ತರಬೇತಾದ ಪುರೋಹಿತರು ಸಿಗ್ತಾರೆ, ಮಹಿಳೆಯರೂ ಇದ್ದಾರೆ. ವಿಧಿಯ ಅರ್ಥ ಮರಾಠಿಯಲ್ಲಿ ಬಿಡಿಸಿ ಹೇಳ್ತಾ ಮಾಡಿಸ್ತಾರೆ. ಅದೇನೇ ಆಗಲಿ, ಸಂಜೆ ಮೈಕ್ ಹಿಡಿಯೋ ಹೊತ್ತಿಗೆ ಅಪ್ಪ ಮಾಡಬೇಕಾದ ಕೆಲಸ ಮುಗಿದಿರುತ್ತೆ. ಮಾಡಿದವರಿಗೆ ಒಂದು ನಮಸ್ಕಾರ ಹೇಳಿದರೆ ಸಾಕು.

ಇನ್ನು ತಮ್ಮನಿಗೆ ಅವನದೇ ಆದ ಕೆಲಸಗಳು ಇವೆ. ಲಾಜಾಹೋಮದಲ್ಲಿ ಮದುಮಗಳ ಬೊಗಸೆಗೆ ಭತ್ತದ ಅರಳು ಹಾಕೋವನು ಅಣ್ಣನೋ ತಮ್ಮನೋ. ಮರಾಠಿ ಮದುವೆಯಾದರೆ ಇನ್ನೂ ಒಂದು ಮಜಾ ಇದೆ, ಕಾನಪಿಳಿ ಅಂತ. ಹೆಣ್ಣಿನ ಸೋದರ ಬಂದು ಗಂಡಿನ ಕಿವಿ ಹಿಂಡ್ತಾನೆ, ನನ್ನ ಅಕ್ಕನನ್ನ ಚೆನ್ನಾಗಿ ನೋಡ್ಕೋ ಅನ್ನೋ ಅರ್ಥದಲ್ಲಿ. ಕಿವಿ ಬಿಡಿಸಿಕೊಳ್ಳೋಕೆ ಅವನಿಗೊಂದು ಉಡುಗೊರೆ ಕೊಡಬೇಕು. ನಮ್ಮ ಗೆಳೆಯ ಅವತ್ತು ಬೆಳಿಗ್ಗೆ ಇವೆರಡನ್ನೂ ಮಾಡೋನಿದ್ದ. ಕಿವಿ ಹಿಂಡಿದವನು ಕಿವಿ ಹಿಂಡಿದವನಾಗಿಯೇ ಮಾತಾಡಲಿ ಅಂತ ನಾವು ತೀರ್ಮಾನ ಮಾಡಿದ್ವಿ. ಆಗ ಭಾಷಣದ ದನಿ ತಾನಾಗೇ ಹಗುರ ಆಯ್ತು.

"ಇದ್ದಿದ್ದರೆ" ಅನ್ನೋ ಕ್ರಿಯಾಪದ

ಅವನ ಮೊದಲ ಕರಡು ಐದು ನಿಮಿಷದ್ದಾಗಿತ್ತು. ಶುರು ಆಗಿದ್ದು ಹೀಗೆ: "ಇವತ್ತ ಅಪ್ಪಾಜಿ ಇದ್ದಿದ್ರ ಎಷ್ಟು ಖುಷಿ ಪಡ್ತಿದ್ರೋ." ಆಮೇಲೆ ಆಸ್ಪತ್ರೆಯ ಕೊನೇ ವಾರ. ಆಮೇಲೆ ಮೇಲೆ ನೋಡಿ, "ಅಪ್ಪಾಜಿ, ನೋಡಾಕತ್ತೀರೇನು?" ಅಂತ ಒಂದು ಸಾಲು. ಕೊನೆಗೆ ಅಕ್ಕನಿಗೆ ಹಾರೈಕೆ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಕೆಲಸ ಕೆಡಿಸೋ ಜಾಗ ಮೂರು ಇವೆ.

ಮೊದಲನೇದು, "ಇದ್ದಿದ್ದರೆ". ಈ ಕ್ರಿಯಾಪದ ಆಗದೇ ಹೋದದ್ದನ್ನ ಕೇಳುಗರ ಕಣ್ಣ ಮುಂದೆ ತರುತ್ತೆ. ಇದ್ದಿದ್ದರೆ ಅಂದ ಕೂಡಲೇ ಪ್ರತಿಯೊಬ್ಬರೂ ಆ ಖಾಲಿ ಕುರ್ಚಿಯಲ್ಲಿ ಅವರನ್ನ ಕೂರಿಸಿ ನೋಡ್ತಾರೆ, ಕೂರಿಸಿದ ಮರುಕ್ಷಣ ಅವರು ಇಲ್ಲ ಅಂತ ನೆನಪಾಗುತ್ತೆ. ಅವ್ವನ ಮನಸ್ಸಿನಲ್ಲಂತೂ ಬೆಳಿಗ್ಗೆಯಿಂದ ಇದೇ ಓಡ್ತಿರುತ್ತೆ. ಅದನ್ನೇ ಮೈಕ್‌ನಲ್ಲಿ ಹೇಳಿದರೆ ತಡೆಯೋಕೆ ಅವಳ ಹತ್ತಿರ ಏನೂ ಉಳಿಯಲ್ಲ.

ಎರಡನೇದು, ಆಸ್ಪತ್ರೆ. ಕಾಯಿಲೆ, ತಾರೀಕು, ಕೊನೇ ಮಾತು, ಇವು ಸಾವಿನ ವಿವರಗಳು, ಅಪ್ಪನ ವಿವರಗಳಲ್ಲ. ಗಂಡಿನ ಕಡೆಯವರು ಅಪ್ಪನನ್ನ ನೋಡಿಯೇ ಇಲ್ಲ. ಅವರಿಗೆ ನೀವು ಕೊಡೋ ಮೊದಲ ಚಿತ್ರವೇ ಹಾಸಿಗೆ ಹಿಡಿದ ಮನುಷ್ಯನದು ಆದರೆ ಅದೇ ಉಳಿಯುತ್ತೆ.

ಮೂರನೇದು, ನೇರವಾಗಿ ಅಪ್ಪನನ್ನ ಕರೆಯೋದು. ಹೇಳೋವನ ಗಂಟಲು ಕಟ್ಟೋದು ಹೆಚ್ಚಾಗಿ ಇಲ್ಲೇ. ಅಪ್ಪನ ಬಗ್ಗೆ ಹೇಳುವಾಗ ನೀವು ಕತೆ ಹೇಳ್ತಿರ್ತೀರಿ, ದನಿ ನಿಮ್ಮ ಹಿಡಿತದಲ್ಲಿ ಇರುತ್ತೆ. ಅಪ್ಪನಿಗೇ ಹೇಳೋಕೆ ಹೋದರೆ ಉತ್ತರ ಬರದ ಮಾತು ಅದು. ಆ ಮೌನವನ್ನ ಮುನ್ನೂರು ಜನರ ಮುಂದೆ ಒಬ್ಬನೇ ಹೊರಬೇಕು.

ಪರಿಹಾರ ಸರಳ. ಅಪ್ಪನ ಬಗ್ಗೆ ಎರಡೇ ರೀತಿಯ ವಾಕ್ಯ ಇರಲಿ. ಒಂದು, ಅಪ್ಪ ಯಾವಾಗಲೂ ಹೀಗೆ ಮಾಡ್ತಿದ್ರು ಅನ್ನೋದು. ಇನ್ನೊಂದು, ಅದು ಇವತ್ತು ಇಲ್ಲಿ ಹೀಗೆ ಕಾಣ್ತಾ ಇದೆ ಅನ್ನೋದು. "ಇದ್ದಿದ್ದರೆ" ಹೋಗಿ "ಮಾಡ್ತಿದ್ರು" ಮತ್ತು "ಇದೆ" ಬರಬೇಕು. ಮೊದಲನೇದರಲ್ಲಿ ಅಪ್ಪ ಬದುಕಿದ್ದಾಗಿನ ಹಾಗೆ ಓಡಾಡ್ತಾರೆ, ಎರಡನೇದರಲ್ಲಿ ಮದುಮಗಳು ಕಾಣ್ತಾಳೆ.

ಹಾಗಾದ್ರೆ ಯಾವ ವಿವರ? ಗೆಳೆಯನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ಅಪ್ಪನ ಬಗ್ಗೆ ನೀವೆಲ್ಲ ಏನಂತ ಗೊಣಗ್ತಿದ್ರಿ?" ಗುಣಗಳನ್ನ ಕೇಳಿದರೆ ಎಲ್ಲರೂ ಒಂದೇ ಹೇಳ್ತಾರೆ, ಪ್ರಾಮಾಣಿಕರು, ಶಿಸ್ತಿನವರು, ನಮಗಾಗಿ ದುಡಿದವರು. ಗೊಣಗಾಟ ಕೇಳಿದರೆ ಆ ಒಬ್ಬ ಮನುಷ್ಯ ಸಿಗ್ತಾರೆ. ಅವನು ತಕ್ಷಣ ಹೇಳಿದ: "ರೈಲಿಗೆ ಒಂದು ತಾಸು ಮೊದಲ ಕರಕೊಂಡು ಹೋಗಿ ನಿಲ್ಲಸ್ತಿದ್ರು ಮಾರಾಯಾ!" ಹೇಳ್ತಾ ನಗ್ತಿದ್ದ. ನಮಗೆ ಬೇಕಾದ್ದು ಅದೇ. ಹೇಳುವಾಗ ನಿಮಗೇ ನಗು ಬಂದರೆ ಅದು ಸರಿಯಾದ ವಿವರ.

ಆ ಚಾಳಿ ಮಕ್ಕಳಲ್ಲಿ ಯಾರಿಗೆ ಬಂದಿದೆ ಅಂತ ಕೇಳಿದೆ. "ಅಕ್ಕಗ. ನೋಡ್ತಿರು, ಮದುವಿ ದಿನಾನೂ ಆಕಿ ಎಲ್ಲಾರಗಿಂತ ಮೊದಲ ತಯಾರಾಗಿ ಕೂಡ್ತಾಳ" ಅಂದ. ಅಲ್ಲಿಗೆ ಭಾಷಣ ಸಿಕ್ಕಿತ್ತು. ಮದುವೆ ದಿನದ ಒಂದು ಸಾಲನ್ನ ಮಾತ್ರ ಖಾಲಿ ಬಿಟ್ಟು, ಬೆಳಿಗ್ಗೆ ಏನಾಗುತ್ತೋ ನೋಡಿ ತುಂಬಿಕೋ ಅಂದೆ.

ಭಾಷಣ

ಅವನು ಕೊನೆಗೆ ಮಾತಾಡಿದ್ದು ಇದು. ಅವರ ಮನೆ ಮಾತಿನಲ್ಲೇ ಇದೆ. ಗ್ರಾಂಥಿಕ ಕನ್ನಡಕ್ಕೆ ತಿರುಗಿಸಬೇಡ ಅಂತ ನಾನೇ ಹೇಳಿದ್ದೆ.

"ಎಲ್ಲಾರಿಗೂ ನಮಸ್ಕಾರ್ರಿ. ನಾನು ಮದುಮಗಳ ತಮ್ಮ. ಎರಡ ನಿಮಿಷ ಮಾತಾಡ್ತೀನಿ, ಹೋಳಿಗಿ ಆರೂದ್ರೊಳಗ ಮುಗಸ್ತೀನಿ.

ತುಮ್ಹೀ ಸಗಳೇ ಆಲಾತ್, ಖೂಪ್ ಆನಂದ್ ಝಾಲಾ. ನನ್ನ ಮರಾಠಿ ಇಷ್ಟ. ಉಳಿದದ್ದು ಇನ್ನ ಮ್ಯಾಲೆ ಭಾವ ಕಲಸ್ತಾರ.

ನಮ್ಮ ಅಪ್ಪಾಜಿ, ರೈಲು ಒಂಬತ್ತಕ್ಕ ಇದ್ರ ಎಂಟಕ್ಕ ನಮ್ಮನ್ನ ಪ್ಲಾಟ್‌ಫಾರ್ಮ್ ಮ್ಯಾಲೆ ನಿಲ್ಲಸ್ತಿದ್ರು. ಧಾರವಾಡ ಸ್ಟೇಷನ್ನಿನ ಒಂದೊಂದು ಕಟ್ಟಿ ನಮಗ ಗೊತ್ತು. ನಾನು ಸಿಟ್ಟಿಗೇಳ್ತಿದ್ದೆ. ಅಕ್ಕ ಮಾತ್ರ ಟ್ರಂಕಿನ ಮ್ಯಾಲೆ ಕೂತು, ಅಪ್ಪಾಜಿ ಜೋಡಿ ಹೋಗೋ ಬರೋ ಗೂಡ್ಸ್ ಗಾಡಿ ಡಬ್ಬಿ ಎಣಸ್ತಿದ್ಲು.

ಇವತ್ತ ಮುಂಜಾನೆ ಮೇಕಪ್ ಮಾಡೂ ಅವ್ರು ಆರಕ್ಕ ಬಂದ್ರು. ಅಕ್ಕ ಐದಕ್ಕ ತಯಾರಾಗಿ ಕುರ್ಚಿ ಮ್ಯಾಲೆ ಕೂತಿದ್ಲು. ಅವ್ವ ನನ್ನ ಮಾರಿ ನೋಡಿದ್ಲು, ನಾ ಅವ್ವನ ಮಾರಿ ನೋಡಿದೆ, ಇಬ್ಬರೂ ನಕ್ಕಿವಿ. ಅಪ್ಪಾಜಿ ಇವತ್ತ ನಮ್ಮ ಜೋಡಿ ಇಲ್ಲ. ಅವರ ಚಾಳಿ ಮಾತ್ರ ಎಲ್ಲಾರಗಿಂತ ಮೊದಲ ಬಂದು ಕೂತಿತ್ತು.

ಅಕ್ಕನ್ನ ಧಾರೆ ಎರೆದು ಕೊಟ್ಟ ಕಾಕಾ-ಕಾಕುಗ, ಈ ಮದುವಿ ಪೂರ್ತಾ ನಿಂತು ಮಾಡಿದ ನಮ್ಮ ಅವ್ವಗ, ಎಲ್ಲಾರ ಮುಂದ ಒಂದು ನಮಸ್ಕಾರ.

ಭಾವ, ಮುಂಜಾನೆ ಕಿವಿ ಹಿಂಡಿದ್ದು ನಿಮ್ಮ ಪದ್ಧತಿ ಪ್ರಕಾರ, ಮನಸ್ಸಿಗೆ ಹಚ್ಚಕೋಬ್ಯಾಡ್ರಿ. ಒಂದು ಮಾತು ಹೇಳ್ತೀನಿ. ಇನ್ನ ಮ್ಯಾಲೆ ನಿಮಗ ಗಾಡಿ ತಪ್ಪೂ ಚಿಂತಿ ಇಲ್ಲ. ನಿದ್ದಿ ತಪ್ಪೂ ಚಿಂತಿ ಅದ.

ಅಕ್ಕಾ, ಭಾವ, ಇಬ್ಬರೂ ಹಿಂಗ ನಕ್ಕೋತ ಇರ್ರಿ. ಎಲ್ಲಾರೂ ಬರ್ರಿ, ಊಟಕ್ಕ ಏಳೂಣು."

ನಿಧಾನವಾಗಿ, ನಗುವಿಗೆ ಜಾಗ ಬಿಟ್ಟು ಹೇಳಿದರೆ ಎರಡು ನಿಮಿಷದ ಆಸುಪಾಸು. ಅದರಲ್ಲಿ ಅಪ್ಪನ ಭಾಗ ಮುಕ್ಕಾಲು ನಿಮಿಷ.

ಯಾವುದು ಎಲ್ಲಿ ಇದೆ, ಯಾಕೆ

ಅಪ್ಪನ ಮಾತು ಶುರುವಿನಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ಶುರುವಿನಲ್ಲಿ ಬಂದರೆ ಆಮೇಲೆ ಹೇಳೋದೆಲ್ಲ ಅದರ ನೆರಳಲ್ಲೇ ಕೇಳಿಸುತ್ತೆ. ಕೊನೆಯಲ್ಲಿ ಬಂದರೆ ಜನ ಅದನ್ನೇ ಹೊತ್ತು ಊಟಕ್ಕೆ ಏಳ್ತಾರೆ. ಹೋಳಿಗೆ ಮತ್ತು ಮರಾಠಿಯ ಎರಡು ನಗು ಮೊದಲು ಬಂದಿದ್ದರಿಂದ, ಈ ಹುಡುಗ ಅಳಿಸೋಕೆ ನಿಂತಿಲ್ಲ ಅಂತ ಸಭೆಗೆ ಗೊತ್ತಾಗಿತ್ತು. ಆ ನಂಬಿಕೆ ಬಂದ ಮೇಲೆ ಅಪ್ಪನ ಕತೆ ಬಂತು.

"ಇಲ್ಲ" ಅನ್ನೋ ಮಾತು ಒಂದೇ ಸಲ, ನಾಲ್ಕೇ ಪದ, "ಇವತ್ತ ನಮ್ಮ ಜೋಡಿ ಇಲ್ಲ." ಅದನ್ನ ಬಿಟ್ಟುಬಿಡೋಣ ಅಂತ ಗೆಳೆಯ ಕೇಳಿದ್ದ. ಬೇಡ ಅಂದೆ. ಬಿಟ್ಟರೆ ಗಂಡಿನ ಕಡೆಯ ಕೆಲವರು ಅಪ್ಪ ಎಲ್ಲಿದ್ದಾರೆ ಅಂತ ಪಕ್ಕದವರನ್ನ ಕೇಳ್ತಾರೆ, ಪಿಸುಮಾತು ಶುರುವಾಗುತ್ತೆ. ಗೊತ್ತಿದ್ದವರಿಗೂ ಇವನು ಅದರ ಸುತ್ತ ಸುತ್ತುತ್ತಿದ್ದಾನೆ ಅನ್ನಿಸುತ್ತೆ. ನೇರವಾಗಿ ಒಂದು ಸಲ ಹೇಳಿದರೆ ಎಲ್ಲರ ಎದೆಯೂ ಸಡಿಲ ಆಗುತ್ತೆ. ಆದರೆ ಅದರ ಮರುವಾಕ್ಯ ಮೊದಲೇ ಸಿದ್ಧ ಇರಬೇಕು, ಉಸಿರು ತಗೊಳ್ಳೋಕೆ ನಿಲ್ಲದೆ ಅದು ಬರಬೇಕು. "ಚಾಳಿ ಮಾತ್ರ ಮೊದಲ ಬಂದು ಕೂತಿತ್ತು" ಅಂದಾಗ ಕಣ್ಣು ಒದ್ದೆ ಆದವರೂ ನಕ್ಕರು. ಈ ಎರಡು ವಾಕ್ಯದ ನಡುವೆ ನಿಂತುಬಿಟ್ಟಿದ್ದರೆ ಅಳುವೇ ಗೆಲ್ತಿತ್ತು.

ಅದಾದ ಕೂಡಲೇ ಕಾಕಾ-ಕಾಕು, ಅವ್ವ. ಅವ್ವನ ಬಗ್ಗೆ "ಒಬ್ಬಾಕಿನ ಕಷ್ಟಪಟ್ಟು" ಅಂತ ಬರೆದಿದ್ದ, ತೆಗೆಸಿದೆ. ಅದು ಮತ್ತೆ ಅಪ್ಪನ ಖಾಲಿ ಜಾಗಕ್ಕೇ ಕರಕೊಂಡು ಹೋಗುತ್ತೆ. "ನಿಂತು ಮಾಡಿದ" ಅಂದರೆ ಸಾಕು, ಅವಳಿಗೆ ಬೇಕಾದ ಗೌರವ ಅದರಲ್ಲಿ ಇದೆ.

ಮರಾಠಿ ಒಂದೇ ವಾಕ್ಯ, ಸುಲಭದ್ದು. ಅಪ್ಪನ ಭಾಗವನ್ನ ಮಾತ್ರ ಮರಾಠಿಗೆ ತಿರುಗಿಸೋಕೆ ಹೋಗಬೇಡಿ. ಬಾರದ ಭಾಷೆಯಲ್ಲಿ ಭಾವನೆಯ ಮಾತು ಆಡಿದರೆ ಪದ ಹುಡುಕುತ್ತಾ ನಿಲ್ಲಬೇಕಾಗುತ್ತೆ, ಆ ನಿಲುಗಡೆಯಲ್ಲೇ ಗಂಟಲು ಕಟ್ಟುತ್ತೆ. ಗಂಡಿನ ಕಡೆಯವರಿಗೆ ಅರ್ಥ ಆಗಬೇಕಾದರೆ ಭಾವನ ಪಕ್ಕದಲ್ಲಿ ಎರಡೂ ಭಾಷೆ ಬರೋವರನ್ನ ಕೂರಿಸಿ, ಅವರು ಮೆಲ್ಲಗೆ ಹೇಳ್ತಾರೆ. ರೈಲು, ಪ್ಲಾಟ್‌ಫಾರ್ಮ್, ಮೇಕಪ್, ಇವು ಹೇಗೂ ಎಲ್ಲರಿಗೂ ತಿಳಿಯುತ್ತವೆ.

ಯಾವ ಹೊತ್ತಿಗೆ

ಇದೇ ಭಾಷಣ ತಪ್ಪು ಹೊತ್ತಿಗೆ ಬಂದರೆ ಕೆಲಸ ಮಾಡಲ್ಲ. ಧಾರೆಗೆ ಮುಂಚೆ ಬೇಡ. ಆಗ ಅವ್ವನ ಮನಸ್ಸು ಮೊದಲೇ ತುಂಬಿರುತ್ತೆ. ಹೆಣ್ಣೊಪ್ಪಿಸುವಾಗ ಅಂತೂ ಬೇಡವೇ ಬೇಡ. ವಿ. ಸೀತಾರಾಮಯ್ಯನವರ ಹೆಣ್ಣೊಪ್ಪಿಸುವ ಹಾಡು ಗೊತ್ತಲ್ಲ? ಅದನ್ನ ಯಾರಾದರೂ ಹಾಡೋಕೆ ಶುರು ಮಾಡಿದರೆ ಅಪ್ಪ ಇರೋ ಮನೆಯಲ್ಲೂ ಎಲ್ಲರೂ ಅಳ್ತಾರೆ. ಅಳೋಕೆ ಅದು ಸರಿಯಾದ ಜಾಗವೇ, ಸಂಪ್ರದಾಯ ಅದಕ್ಕೆ ಅಂತಲೇ ಹೊತ್ತು ಕೊಟ್ಟಿದೆ. ಅದರ ಮೇಲೆ ಭಾಷಣ ಹೇರಬಾರದು.

ಒಳ್ಳೇ ಹೊತ್ತು ಅಂದ್ರೆ ಒಡಪು ಹೇಳಿಸಿದ ಮೇಲೆ. ಮರಾಠಿಯವರು ಉಖಾಣಾ ಅಂತಾರೆ, ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಪ್ರಾಸದಲ್ಲಿ ಸೇರಿಸಿ ಹೇಳೋದು. ನಮ್ಮ ಉತ್ತರ ಕರ್ನಾಟಕದಲ್ಲೂ ಅದೇ ಆಟ. ಆಗ ಎರಡೂ ಕಡೆಯವರು ಸುತ್ತ ಸೇರಿರ್ತಾರೆ, ನಕ್ಕು ಸಡಿಲ ಆಗಿರ್ತಾರೆ, ಮದುಮಗಳ ಮುಖದಲ್ಲೂ ನಗು ಇರುತ್ತೆ. ಅದರ ಬೆನ್ನಿಗೆ ಎರಡು ನಿಮಿಷದ ಮಾತು, ಅದರ ಬೆನ್ನಿಗೆ ಊಟ. ಮಾತು ಮುಗಿದ ಕೂಡಲೇ ಎದ್ದು ಮಾಡೋಕೆ ಒಂದು ಕೆಲಸ ಇದ್ದರೆ ಭಾರ ನಿಲ್ಲಲ್ಲ. ನಿರೂಪಣೆ ಮಾಡೋವರಿಗೆ ಇದನ್ನ ಮೊದಲೇ ಹೇಳಿ. ಜೊತೆಗೆ, ಭಾಷಣದ ಹಿನ್ನೆಲೆಯಲ್ಲಿ ಅಪ್ಪನ ಫೋಟೊ ಪರದೆ ಮೇಲೆ ಹಾಕೋದು, ಪಿಟೀಲು ನುಡಿಸೋದು ಬೇಡ ಅಂತಲೂ ಹೇಳಿ. ಹೇಳದಿದ್ದರೆ ಒಳ್ಳೇ ಮನಸ್ಸಿನಿಂದಲೇ ಮಾಡಿಬಿಡ್ತಾರೆ.

ಇನ್ನೊಂದು, ಅವ್ವನಿಗೂ ಅಕ್ಕನಿಗೂ ಇದು ಅಚ್ಚರಿ ಆಗಬಾರದು. ಪೂರ್ತಿ ಓದಿ ಹೇಳೋದು ಬೇಡ. ಒಂದು ವಾರ ಮೊದಲು "ಅಪ್ಪಾಜಿದು ರೈಲಿನ ಕತಿ ಹೇಳ್ತೀನಿ, ಬ್ಯಾರೆ ಏನೂ ಹೇಳಂಗಿಲ್ಲ" ಅಂದರೆ ಸಾಕು. ಗೆಳೆಯನ ಅವ್ವ ಅದನ್ನ ಕೇಳಿ ಇನ್ನೆರಡು ರೈಲಿನ ಕತೆ ಹೇಳಿದರಂತೆ. ಅವಳ ಅಳು ಅಲ್ಲೇ, ಮನೆಯ ಅಡುಗೆಮನೆಯಲ್ಲೇ ಒಂದಿಷ್ಟು ಮುಗಿಯಿತು. ಅವ್ವ ಬೇಡ ಅಂದರೆ? ಹಾಗಾದ್ರೆ ಅಪ್ಪನ ಭಾಗವನ್ನ ಒಂದು ವಾಕ್ಯಕ್ಕೆ ಇಳಿಸಿ. ಈ ವಿಷಯದಲ್ಲಿ ಅವಳ ಮಾತೇ ಕೊನೇದು.

ದನಿ ನಡುಗಿದರೆ

ನಡುಗುತ್ತೆ. ಅದಕ್ಕೆ ತಯಾರಿ ಇರಬೇಕು. ಭಾಷಣವನ್ನ ಫೋನ್‌ನಲ್ಲಿ ಇಟ್ಟುಕೊಳ್ಳಬೇಡಿ. ಕೈ ನಡುಗಿದಾಗ ಪರದೆ ಎಲ್ಲೋ ಜಾರುತ್ತೆ, ಸಾಲು ಸಿಗಲ್ಲ. ಅಂಗೈಯಷ್ಟು ಗಟ್ಟಿ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೀರಿ. ಅಪ್ಪನ ಭಾಗ ಬೇರೆ ಕಾರ್ಡ್, ಅದರ ನಂತರದ್ದು ಬೇರೆ ಕಾರ್ಡ್.

ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದರೆ ಎಲ್ಲಿ ಗಂಟಲು ಕಟ್ಟುತ್ತೆ ಅಂತ ಗೊತ್ತಾಗಲ್ಲ. ಪ್ರತಿ ಸಲ ಒಂದೇ ಪದದ ಹತ್ತಿರ ಕಟ್ಟಿದರೆ ಆ ಪದ ಬದಲಾಯಿಸಿ. ಗೆಳೆಯನಿಗೆ "ಟ್ರಂಕು" ಕಷ್ಟ ಆಗ್ತಿತ್ತು, ಮೊದಲು "ಅಪ್ಪಾಜಿಯ ಹಸಿರು ಟ್ರಂಕು" ಅಂತ ಇತ್ತು. ಹಸಿರು ತೆಗೆದ ಮೇಲೆ ಸಲೀಸಾಯ್ತು. ಬಣ್ಣ ಬಂದರೆ ಅವನಿಗೆ ಇಡೀ ಕೋಣೆ ಕಣ್ಣ ಮುಂದೆ ಬರ್ತಿತ್ತು.

ಆ ಹೊತ್ತಿಗೆ ಅವ್ವನ ಕಡೆ, ಅಕ್ಕನ ಕಡೆ ನೋಡಬೇಡಿ. ಹಿಂದಿನ ಸಾಲಿನಲ್ಲಿ ನಿಮ್ಮನ್ನ ಕಾಡಿಸೋ ಗೆಳೆಯನೊಬ್ಬನನ್ನ ಕೂರಿಸಿ, ಅವನನ್ನ ನೋಡಿ. ಆದರೂ ಕಟ್ಟಿದರೆ "ಕ್ಷಮಿಸಿ" ಅನ್ನಬೇಡಿ, ಅಂದ ಕೂಡಲೇ ಸಭೆ ನಿಮಗಾಗಿ ಮರುಗೋಕೆ ಶುರು ಮಾಡುತ್ತೆ. ಮೈಕ್ ಇಳಿಸಿ, ಒಂದು ಗುಟುಕು ನೀರು ಕುಡಿದು, ಬಿಟ್ಟ ವಾಕ್ಯವನ್ನ ಬಿಟ್ಟೇ, ಮುಂದಿನ ಕಾರ್ಡಿನಿಂದ ಶುರು ಮಾಡಿ. ಜನಕ್ಕೆ ಅರ್ಥ ಆಗಿರುತ್ತೆ, ನೀವು ಮುಗಿಸಬೇಕಾಗಿಲ್ಲ.

ಮಾತು ಹಳಿ ತಪ್ಪಿದೆ ಅಂತ ತಿಳಿಯೋದು ಹೇಗೆ? ಜನ ನಿಮ್ಮನ್ನ ನೋಡೋದು ಬಿಟ್ಟು ಅವ್ವನನ್ನ ನೋಡೋಕೆ ಶುರು ಮಾಡಿದರೆ ತಪ್ಪಿದೆ. ಆಗ ಇನ್ನೊಂದು ಕತೆ ಸೇರಿಸಬೇಡಿ, ಜೋಕ್‌ನಿಂದ ಎಳೆಯೋಕೂ ಹೋಗಬೇಡಿ. ಧಾರೆ ಎರೆದವರಿಗೆ ನಮಸ್ಕಾರ, ಮದುಮಕ್ಕಳಿಗೆ ಹಾರೈಕೆ, ಊಟಕ್ಕೆ ಕರೆ, ಅಷ್ಟರಲ್ಲಿ ಮುಗಿಸಿ.

ಈ ಮಾದರಿ ಎಲ್ಲಿ ಒಪ್ಪಲ್ಲ

ನಾಲ್ಕು ವರ್ಷದ ಹಿಂದಿನ ಸಾವಿಗೆ ಒಪ್ಪಿದ ನಗು ನಾಲ್ಕು ತಿಂಗಳ ಹಿಂದಿನ ಸಾವಿಗೆ ಒಪ್ಪಲ್ಲ. ನಿಶ್ಚಯ ಆದ ಮದುವೆ ಅಂತ ವರ್ಷದೊಳಗೇ ಮಾಡಿದರೆ ಕತೆ ಬೇಡ, ಚಾಳಿಯ ನಗುವೂ ಬೇಡ. "ಅಪ್ಪಾಜಿನ ನೋಡಿ ಒಪ್ಪಿದ ಸಂಬಂಧ ಇದು, ಅವರ ಮಾತು ಇವತ್ತ ನಡೀತು" ಅನ್ನೋ ಥರದ ಒಂದೇ ವಾಕ್ಯ, ಅದೂ ನಿಜ ಆಗಿದ್ದರೆ ಮಾತ್ರ. ಅಲ್ಲೂ ಕ್ರಿಯಾಪದ ನೋಡಿ, "ಒಪ್ಪಿದ", "ನಡೀತು". ಇದ್ದಿದ್ದರೆ ಇಲ್ಲ.

ಇನ್ನು ಅಪ್ಪನ ಜೊತೆ ಮಕ್ಕಳಿಗೆ ಅಷ್ಟಕ್ಕಷ್ಟೇ ಇದ್ದ ಮನೆಗಳೂ ಇವೆ. ಕುಡಿತ, ಜಗಳ, ಮಾತು ಬಿಟ್ಟ ವರ್ಷಗಳು. ಅಲ್ಲಿ ಇಲ್ಲದ ಪ್ರೀತಿಯನ್ನ ಮೈಕ್‌ನಲ್ಲಿ ಹುಟ್ಟಿಸಬೇಡಿ. ಮದುಮಗಳಿಗೆ ಅದು ಸುಳ್ಳು ಅಂತ ಗೊತ್ತಿರುತ್ತೆ, ಅವಳು ಆ ಎರಡು ನಿಮಿಷ ತಲೆ ತಗ್ಗಿಸಿ ಕೂರಬೇಕಾಗುತ್ತೆ. ಅಪ್ಪನಿಂದ ಬಂದ ಒಂದು ನಿಜವಾದ ವಸ್ತುವೋ ಅಭ್ಯಾಸವೋ ಇದ್ದರೆ ಅದನ್ನ ಹೇಳಿ, ಹಾಡಿನ ಹುಚ್ಚು, ಚಹಾದಲ್ಲಿ ಹೆಚ್ಚು ಸಕ್ಕರೆ, ಏನಾದರೂ. ಅದೂ ಇಲ್ಲದಿದ್ದರೆ ನಾಂದಿಯಲ್ಲಿ ಹೆಸರು ಬಂದಿದೆ, ಅಷ್ಟು ಸಾಕು. ಸಂಜೆಯ ಮಾತು ಅಕ್ಕನದು, ಭಾವನದು.

ನಿಮ್ಮ ಮನೆಯಲ್ಲಿ ಇಂಥ ಮದುವೆ ಬರೋದಿದ್ದರೆ, ಗೊಣಗಾಟದ ಪ್ರಶ್ನೆಯಿಂದ ಶುರು ಮಾಡಿ: ಅಪ್ಪನ ಬಗ್ಗೆ ಮನೆಯವರೆಲ್ಲ ಏನಂತ ಗೊಣಗ್ತಿದ್ರಿ? ಉತ್ತರ ಕಾಗದದ ಮೇಲೆ ಬರೆದಿಡಿ. ಕ್ರಿಯಾಪದ ಆಮೇಲೆ ನೋಡೋಣ. ಮುಂದಿನ ವಾರ ಸಿಗೋಣ, ನಮಸ್ಕಾರ.